ಜೋಳದ ಮೊಳಕೆ ಟೈಮ್‌ಲ್ಯಾಪ್ಸ್: ಬೆಳಕು ಮಿಣುಕುತ್ತದೆ, ರಾತ್ರಿ ಕ್ಯಾಮೆರಾ ನಿಲ್ಲುತ್ತದೆ

ಬಿಳಿಜೋಳ_ವಿಜಯಪುರ: ಗಾಜಿನ ಡಬ್ಬಿಯಲ್ಲಿ ಬಿಳಿಜೋಳ ಹಾಕಿ 10 ನಿಮಿಷಕ್ಕೊಂದು ಫೋಟೊ ತೆಗೆಯುತ್ತಿದ್ದೇನೆ. ಕ್ಯಾನನ್ ಡಿಎಸ್ಎಲ್ಆರ್, `M` ಮೋಡ್, `f/11`, ಐಎಸ್ಒ 100, ಶಟರ್ 1/5 ಸೆಕೆಂಡ್. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದೇನೆ, ಎಲ್ಇಡಿ ಬಲ್ಬ್ ಹಗಲು ರಾತ್ರಿ ಉರಿಯುತ್ತದೆ. ಆದರೂ ವಿಡಿಯೊ ಮಿಣುಕುತ್ತದೆ, ಮೊಳಕೆ ಜಿಗಿಜಿಗಿದು ಏಳುತ್ತದೆ. ಡಮ್ಮಿ ಬ್ಯಾಟರಿಗೆ ಪವರ್ ಬ್ಯಾಂಕ್ ಹಾಕಿದ್ದೇನೆ. ಚಾರ್ಜ್ ಇದ್ದರೂ ರಾತ್ರಿ ಕ್ಯಾಮೆರಾ ಬಂದ್!

ಗುಮ್ಮಟ_ಕ್ಲಿಕ್: ಬಲ್ಬಿನದೇ ತೊಂದರೆ ರೀ. ಶಟರ್ 1/50ಕ್ಕೆ ಇಡಿ, ಮುಗೀತು.

ಮೂರ್ಕಾಲು_ಬೆಳಗಾವಿ: ಅವರು 1/200 ಇಟ್ಟಿದ್ದರೆ ನಿಮ್ಮ ಮಾತು ಸರಿ. 1/5ರಲ್ಲಿ ಬಲ್ಬಿನ ಏರಿಳಿತ ಸರಾಸರಿಯಾಗಿ ಹೋಗುತ್ತದೆ. ಬಲ್ಬಿನದಾದರೆ ಚಿತ್ರದಲ್ಲಿ ಪಟ್ಟೆ ಬರುವುದೂ ಉಂಟು. ಇಡೀ ಚಿತ್ರ ಒಂದೊಂದು ಫ್ರೇಮಿಗೂ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಿದ್ದರೆ ನನ್ನ ಅನುಮಾನ ಅಪರ್ಚರ್ ಮೇಲೆ. ಪ್ರತಿ ಕ್ಲಿಕ್ಕಿಗೂ ಲೆನ್ಸಿನ ಎಲೆಗಳು `f/11`ಕ್ಕೆ ಮುಚ್ಚಿ ಮತ್ತೆ ತೆರೆಯುತ್ತವೆ, ಪ್ರತಿ ಸಲ ಕರೆಕ್ಟಾಗಿ ಅದೇ ಜಾಗಕ್ಕೆ ಬರುವುದಿಲ್ಲ. ಲೆನ್ಸನ್ನು ಪೂರ್ತಿ ತೆರೆದು, ಶಟರ್ ಅದಕ್ಕೆ ತಕ್ಕಂತೆ ಹೊಂದಿಸಿ (1/50ಕ್ಕಿಂತ ವೇಗ ಬೇಡ, ಬೆಳಕು ಜಾಸ್ತಿಯಾದರೆ ಬಲ್ಬ್ ದೂರ ಸರಿಸಿ) ಇಪ್ಪತ್ತು ಫೋಟೊ ತೆಗೆಯಿರಿ. ಮಿಣುಕು ಹೋದರೆ ಕಾರಣ ಅದೇ.

ನವನಗರ_ಮನೆ: ಬಾಗಲಕೋಟೆಯಲ್ಲಿ ನಮ್ಮ ಮನೆ ಕಟ್ಟುತ್ತಿದ್ದೇವೆ. ನಾನೂ ಎಕ್ಸ್‌ಪೋಶರ್ ಲಾಕ್ ಮಾಡಿದೆ, ಸಂಜೆ ಎಲ್ಲ ಕಪ್ಪು. ಅದಕ್ಕೂ ಅಪರ್ಚರ್ ಕಾರಣವಾ?

ಮೂರ್ಕಾಲು_ಬೆಳಗಾವಿ: ಅಲ್ಲ ಸರ್, ನಿಮ್ಮಲ್ಲಿ ಬಿಸಿಲೇ ಇಳಿಯುತ್ತದೆ. ಲಾಕ್ ಮಾಡುವುದು ಒಂದೇ ಸಮ ಬೆಳಕಿರುವ ಕೋಣೆಗೆ. ಬೆಳಗ್ಗೆಯಿಂದ ಸಂಜೆ ಐದರವರೆಗೆ ಮಾತ್ರ ತೆಗೆದು ನೋಡಿ.

ಬಿಳಿಜೋಳ_ವಿಜಯಪುರ: ಪೂರ್ತಿ ತೆರೆದರೆ ಮಿಣುಕು ಇಲ್ಲ! ಆದರೆ ಮೊಳಕೆಯ ಎಲೆಯ ತುದಿ ಮಸುಕು.

ಮೂರ್ಕಾಲು_ಬೆಳಗಾವಿ: ಹಾಗಾದರೆ `f/11` ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ ಹಿಡಿಯಿರಿ. ಲೆನ್ಸಿನ ಎಲೆಗಳು ಮುಚ್ಚಿರುವಾಗಲೇ ಲೆನ್ಸ್ ಬಿಡಿಸುವ ಗುಂಡಿ ಒತ್ತಿ ಲೆನ್ಸನ್ನು ತುಸು ತಿರುಗಿಸಿ. ಸಂಪರ್ಕ ತಪ್ಪಿ ಪರದೆಯಲ್ಲಿ `00` ಬರುತ್ತದೆ, ಎಲೆಗಳು ಅಲ್ಲೇ ನಿಲ್ಲುತ್ತವೆ. ಲೆನ್ಸ್ ಸಡಿಲ ಇರುತ್ತದೆ, ಕೆಳಗೆ ಬಿದ್ದೀತು, ಹುಷಾರು. ಫೋಕಸ್ ಮೊದಲೇ ಮ್ಯಾನ್ಯುಯಲ್ ಮಾಡಿ.

ಜಿಗಿತಕ್ಕೆ ಮಧ್ಯಂತರ 3 ನಿಮಿಷ ಮಾಡಿ. ಮೊಳಕೆ ಬೆಳೆಯುತ್ತಾ ಸುತ್ತ ತೂಗಾಡುತ್ತದೆ, 10 ನಿಮಿಷದಲ್ಲಿ ಆ ಚಲನೆ ತಪ್ಪಿಹೋಗುತ್ತದೆ. ನಾಲ್ಕು ದಿನಕ್ಕೆ 1920 ಫ್ರೇಮ್, ಸೆಕೆಂಡಿಗೆ 25ರಂತೆ ಸುಮಾರು 77 ಸೆಕೆಂಡ್. ಜಾಸ್ತಿ ಆದದ್ದನ್ನು ಆಮೇಲೆ ಬಿಡಬಹುದು, ಇಲ್ಲದ್ದನ್ನು ತರಲಾಗದು.

ಪವರ್ ಬ್ಯಾಂಕ್ ಬಿಡಿ. ಎರಡು ಕ್ಲಿಕ್ಕಿನ ನಡುವೆ ಕ್ಯಾಮೆರಾ ನಿದ್ದೆಯಲ್ಲಿದ್ದಾಗ ಕರೆಂಟ್ ತೀರಾ ಕಡಿಮೆ ಎಳೆಯುತ್ತದೆ. ಏನೂ ಹಾಕಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಡಮ್ಮಿ ಬ್ಯಾಟರಿಯ ಅಡಾಪ್ಟರನ್ನೇ ಇನ್ವರ್ಟರ್ ಸಾಕೆಟ್ಟಿಗೆ ಹಾಕಿ, ಬಲ್ಬನ್ನೂ ಅದರಲ್ಲೇ.

ಗುಮ್ಮಟ_ಕ್ಲಿಕ್: ರೌಟರ್‌ನ 12 ವೋಲ್ಟಿನ ಚಿಕ್ಕ ಯುಪಿಎಸ್ ನಡೆಯಲ್ವಾ?

ಮೂರ್ಕಾಲು_ಬೆಳಗಾವಿ: ಸೀದಾ ಹಾಕಬೇಡಿ! ಈ ಕ್ಯಾಮೆರಾಗಳಿಗೆ ಬೇಕಾದ್ದು 7.4 ವೋಲ್ಟಿನ ಆಸುಪಾಸು.

ಬಿಳಿಜೋಳ_ವಿಜಯಪುರ: ಲೆನ್ಸ್ ತಿರುಗಿಸಿದೆ, ಮಿಣುಕು ಹೋಯಿತು. ಆದರೆ ನಿನ್ನೆ ಕರೆಂಟ್ ಹೋದಾಗ ಇನ್ವರ್ಟರ್‌ಗೆ ಬದಲಾಗುವಷ್ಟರಲ್ಲಿ ಕ್ಯಾಮೆರಾ ಆಫ್ ಆಗಿ ಆನ್ ಆಯಿತು, ಒಳಗಿನ ಟೈಮರ್ ನಿಂತುಬಿಟ್ಟಿತು.

ಮೂರ್ಕಾಲು_ಬೆಳಗಾವಿ: ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ದರೆ ತನ್ನದೇ ಸೆಲ್ ಇರುವ ಹೊರಗಿನ ಟೈಮರ್ ರಿಮೋಟ್ ಹಾಕಿ, ಅದು ಎಣಿಸುತ್ತಲೇ ಇರುತ್ತದೆ.

ಬಿಳಿಜೋಳ_ವಿಜಯಪುರ: ಸ್ವಿಚ್ ಇಲ್ಲ. ರಿಮೋಟ್ ಹಾಕಿ ಹೊಸ ಕಾಳು ನೆನೆಹಾಕಿದ್ದೇನೆ. ಕರೆಂಟ್ ಹೋದಮೇಲೆ ತಿಳಿಸುತ್ತೇನೆ.