ಅಪ್‌ಡೇಟ್: y = x² ಮೇಲೆ ವೃತ್ತ ಕೊನೆಗೂ ಕೂತಿತು

ನನ್ನ ಪ್ರಶ್ನೆ: "y = x² ಗೆ y'' ಎಲ್ಲ ಕಡೆ 2. ಹಾಗಾಗಿ ಒಂದು ಬಿಂದುವಿನಲ್ಲಿ ಗೆರೆಯಷ್ಟೇ ಬಾಗಿ ಅದಕ್ಕೆ ಅಂಟಿಕೊಳ್ಳುವ ವೃತ್ತದ ತ್ರಿಜ್ಯ 1/2 ಅಂತ ತಗೊಂಡೆ. x = 0 ದಲ್ಲಿ ವೃತ್ತ ಚೆನ್ನಾಗಿ ಕೂರುತ್ತೆ, x = 1 ರಲ್ಲಿ ಕೂರಲ್ಲ. ಯಾಕೆ?"

ಇಳಿಜಾರನ್ನೂ ಲೆಕ್ಕಕ್ಕೆ ತಗೊಳ್ಳಿ ಅಂದವರ ಮಾತೇ ಸರಿ. y'' ಹೇಳುವುದು x ಗೆ ತಕ್ಕಂತೆ ಇಳಿಜಾರು ಹೇಗೆ ಬದಲಾಗುತ್ತೆ ಅಂತ. ವಕ್ರತೆಗೆ ಬೇಕಾದ್ದು ಗೆರೆಯ ಉದ್ದಕ್ಕೂ ಸಾಗುವಾಗ ದಿಕ್ಕು ಎಷ್ಟು ತಿರುಗುತ್ತೆ ಅನ್ನೋದು. x = 0 ದಲ್ಲಿ y' ಸೊನ್ನೆ, ಅಲ್ಲಿ ನನ್ನ ಲೆಕ್ಕ ಸುಮ್ನೆ ಅದೃಷ್ಟದಿಂದ ಸರಿಹೋಗಿತ್ತು.

```
R = (1 + y'^2)^(3/2) / |y''|
```

x = 1 ರಲ್ಲಿ y' = 2, y'' = 2. ಆದರೂ ಮೊದಲು 31.25 ಬಂತು! ಸ್ಪ್ರೆಡ್‌ಶೀಟಿನಲ್ಲಿ `^3/2` ಅಂತ ಹಾಕಿದ್ದೆ, ಅದು ಮೊದಲು ಘನ ಮಾಡಿ ಆಮೇಲೆ ಎರಡರಿಂದ ಭಾಗಿಸುತ್ತೆ. 3/2 ಗೆ ಆವರಣ ಹಾಕಿದ ಮೇಲೆ 5.59 ಬಂತು. ವಕ್ರತೆ ಅದರ ತಲೆಕೆಳಗು, ಸುಮಾರು 0.179. ಕೇಂದ್ರ (−4, 3.5).

ಹತ್ತಿರದ ಮೂರು ಬಿಂದುಗಳಿಂದ ವೃತ್ತ ಎಳೆಯುವ ಸಲಹೆ ನನಗೆ ಕೈಕೊಟ್ಟಿತು. ಅಂತರ 0.00000001 ಇಟ್ಟಿದ್ದೆ. ಅದರ ವರ್ಗ ದಶಮಾಂಶದ 16ನೇ ಸ್ಥಾನದಲ್ಲಿ ಬರುತ್ತೆ, ಸ್ಪ್ರೆಡ್‌ಶೀಟಿನ ನಿಖರತೆಯಲ್ಲಿ ಅದು ಉಳಿಯಲ್ಲ. 0.01 ಇಟ್ಟಿದ್ದರೆ ಸಾಕಿತ್ತು.

ಒಂದು ವಿಷಯ ಮಾತ್ರ ನಿರೀಕ್ಷಿಸಿರಲಿಲ್ಲ. ವೃತ್ತ ಪರವಲಯವನ್ನು (1, 1) ರಲ್ಲಿ ಮುಟ್ಟಿ ಹಿಂದಿರುಗಲ್ಲ, ದಾಟಿಕೊಂಡು ಆಚೆ ಹೋಗುತ್ತೆ! ಆಮೇಲೆ (−3, 9) ರಲ್ಲಿ ಮತ್ತೆ ಸಿಗುತ್ತೆ. ಕೇಂದ್ರದಿಂದ ಅಲ್ಲಿಗೂ ದೂರ √31.25, ಅಂದರೆ ಅದೇ 5.59.