ಡಯಾಲಿಸಿಸ್ ದಿನ ಆಂಟಿಬಯಾಟಿಕ್ ಯಾವಾಗ ಕೊಡ್ತೀರಿ?

ಕೇಳಿದವರು: ಅಮ್ಮನಿಗೆ 58 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ 7ಕ್ಕೆ ಡಯಾಲಿಸಿಸ್. ಕಾಲ್ಬೆರಳಿನ ಗಾಯ ಕೀವಾಗಿದೆ. ಊರಿನ ಡಾಕ್ಟರು ಅಮಾಕ್ಸಿಕ್ಲಾವ್ 625 ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬರೆದಿದ್ದಾರೆ. ಡಯಾಲಿಸಿಸ್ ದಿನ ಮಾತ್ರೆ ಕೊಟ್ಟು ಕರ್ಕೊಂಡು ಹೋಗಬೇಕಾ, ಬಂದ ಮೇಲೆ ಕೊಡಬೇಕಾ? ನಿಮ್ಮ ಮನೆಯಲ್ಲಿ ಹೇಗೆ ಮಾಡ್ತೀರಿ?

ಗಂಡನನ್ನು 5 ವರ್ಷದಿಂದ ಕರೆದುಕೊಂಡು ಹೋಗುವವರು: ಬಂದ ಮೇಲೇ ಕೊಡಿ. ನಾವು ಎಲ್ಲ ಆಂಟಿಬಯಾಟಿಕ್ಕನ್ನೂ ಡಯಾಲಿಸಿಸ್ ಮುಗಿದ ಮೇಲೇ ಕೊಡೋದು. ಮುಂಚೆ ಕೊಟ್ಟರೆ ಮೆಷಿನ್ ತೊಳೆದು ಹಾಕುತ್ತೆ. ಇನ್ನೊಂದು ವಿಷಯ, ಕಿಡ್ನಿ ಹೋದವರಿಗೆ ಯಾವ ಮಾತ್ರೆ ಆದರೂ ಅರ್ಧವೇ ಸಾಕು. ನಾನು ಮೊದಲ ದಿನದಿಂದಲೇ ಮುರಿದು ಕೊಡ್ತೀನಿ.

ಡಯಾಲಿಸಿಸ್ ಘಟಕದ ನರ್ಸ್, 14 ವರ್ಷದಿಂದ: ಅಕ್ಕಾ, ಮೊದಲನೇ ಮಾತು ಈ ಮಾತ್ರೆಗೆ ಸರಿ. ಎರಡನೆಯದನ್ನು ದಯವಿಟ್ಟು ಮಾಡಬೇಡಿ. ಮೊದಲ ಡೋಸ್ ಯಾವತ್ತೂ ಪೂರ್ತಿ ಇರಬೇಕು. ಮೈಯೊಳಗೆ ಔಷಧ ಇನ್ನೂ ಒಂದು ಹನಿಯೂ ಇಲ್ಲ, ತುಂಬಿಸಬೇಕಾದ ಜಾಗ ಎಲ್ಲರಿಗೂ ಅಷ್ಟೇ. ಕಿಡ್ನಿ ಕೆಲಸ ಮಾಡದಿದ್ದರೆ ತುಂಬಿದ್ದು ಬೇಗ ಖಾಲಿಯಾಗಲ್ಲ. ಹಾಗಾಗಿ ಬದಲಾಗೋದು ಆಮೇಲಿನ ಡೋಸುಗಳು. ಕೆಲವು ಔಷಧಕ್ಕೆ ಅಂತರ ಜಾಸ್ತಿ ಮಾಡ್ತಾರೆ, ಕೆಲವಕ್ಕೆ ಪ್ರಮಾಣ ಇಳಿಸ್ತಾರೆ.

ಕೇಳಿದವರಿಗೆ: ಡಯಾಲಿಸಿಸ್‌ನಲ್ಲಿರುವವರಿಗೆ ಅಮಾಕ್ಸಿಕ್ಲಾವ್ 625 ಸಾಮಾನ್ಯವಾಗಿ ದಿನಕ್ಕೆ ಒಂದೇ. ಎರಡು ಅಂತ ಬರೆದವರಿಗೆ ಡಯಾಲಿಸಿಸ್ ವಿಷಯ ಗೊತ್ತಿತ್ತಾ, ಚೀಟಿ ಹಿಡಿದುಕೊಂಡು ನಿಮ್ಮ ಕಿಡ್ನಿ ಡಾಕ್ಟರಿಗೆ ಇವತ್ತೇ ತೋರಿಸಿ. ನೀವಾಗಿ ಬದಲಾಯಿಸಬೇಡಿ. ದಿನಕ್ಕೊಂದು ಅಂತಾದರೆ ಸಂಜೆಯ ಸಮಯ ಇಟ್ಟುಕೊಳ್ಳಿ. ಮಂಗಳವಾರ, ಶುಕ್ರವಾರವೂ ಅದೇ ಸಮಯ ಹೊಂದುತ್ತೆ, ಯಾಕಂದರೆ 11 ಗಂಟೆಗೆಲ್ಲ ಮೆಷಿನ್ ಮುಗಿದಿರುತ್ತೆ. ಮರೆತು ಬೆಳಿಗ್ಗೆ 6ಕ್ಕೆ ಕೊಟ್ಟುಬಿಟ್ಟಿದ್ದರೆ ಘಟಕದಲ್ಲಿ ಹೇಳಿ. ಮುಗಿದ ಮೇಲೆ ಇನ್ನೊಂದು ಕೊಡಿಸ್ತಾರೆ.

ಅಮ್ಮನಿಗೆ ಕೈಯಲ್ಲಿ ಫಿಸ್ಟುಲಾನಾ, ಕುತ್ತಿಗೆಯಲ್ಲಿ ಪೈಪಾ? ಪೈಪ್ ಇದ್ದು ಚಳಿಜ್ವರ ಬಂದರೆ ಮಾತ್ರೆ ನಂಬಿಕೊಂಡು ಕೂರಬೇಡಿ. ಅದರಲ್ಲೂ ಮೆಷಿನ್ ಶುರುವಾದ ಸ್ವಲ್ಪ ಹೊತ್ತಿಗೆ ನಡುಕ ಬಂದರೆ ಸೋಂಕು ಪೈಪಲ್ಲೇ ಇರಬಹುದು. ಆಗ ಮೊದಲು ರಕ್ತದ ಕಲ್ಚರ್ ತೆಗೀತೀವಿ, ತಕ್ಷಣ ಇಂಜೆಕ್ಷನ್ ಶುರು ಮಾಡ್ತೀವಿ. ಅಲ್ಲಿ "ಡಯಾಲಿಸಿಸ್ ಮುಗೀಲಿ, ಆಮೇಲೆ ನೋಡೋಣ" ಅನ್ನೋ ಹಾಗಿಲ್ಲ.

ಮಂಡ್ಯದಿಂದ ಒಬ್ಬರು: ನಮ್ಮಪ್ಪನಿಗೆ ಹೊಟ್ಟೆಯ ಡಯಾಲಿಸಿಸ್, ಮನೆಯಲ್ಲೇ ಬ್ಯಾಗ್ ಹಾಕೋದು. ಹೋದ ವರ್ಷ ಬ್ಯಾಗಿನ ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗೆ ಬಂತು, ಹೊಟ್ಟೆ ನೋವು. ಔಷಧವನ್ನು ಬ್ಯಾಗಿಗೇ ಸೇರಿಸಿ ಕನಿಷ್ಠ 6 ಗಂಟೆ ಹೊಟ್ಟೆಯೊಳಗೆ ಬಿಡಿ ಅಂದರು. ನೀವೂ ಹಾಗೇ ಕೇಳಿ ನೋಡಿ, ಮಾತ್ರೆ ತಾಪತ್ರಯವೇ ಇರಲ್ಲ.

ನರ್ಸ್: ಅಣ್ಣಾ, ಅದು ಹೊಟ್ಟೆಯೊಳಗಿನ ಸೋಂಕಿಗೆ ಮಾಡೋದು. ಇವರ ಅಮ್ಮನದು ರಕ್ತದ ಡಯಾಲಿಸಿಸ್, ಲೆಕ್ಕವೇ ಬೇರೆ.

ಶಿವಮೊಗ್ಗದಿಂದ, ಮಗ: "ಕಿಡ್ನಿ ಡಾಕ್ಟರಿಗೆ ತೋರಿಸಿ" ಅನ್ನೋದು ಯಾಕೆ ಮುಖ್ಯ ಅಂತ ನಮ್ಮ ಅನುಭವ ಹೇಳ್ತೀನಿ. ಅಪ್ಪನಿಗೆ ನ್ಯುಮೋನಿಯಾ ಆಗಿ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದ್ವಿ. ಸೆಫೆಪೈಮ್ 1 ಗ್ರಾಂ ದಿನಕ್ಕೆರಡು ಸಲ ಹಾಕಿದರು. ನಾಲ್ಕನೇ ದಿನ ಕಾಫಿ ಲೋಟ ಕೈಯಿಂದ ಜಾರಿ ಬಿತ್ತು. ಇನ್ನೊಂದು ಕೊಟ್ಟೆ, ಅದೂ ಬಿತ್ತು. ಕೈ ಸುಮ್ನೆ ಜರ್ಕ್ ಹೊಡೀತಿತ್ತು. ಸಂಜೆ ಹೊತ್ತಿಗೆ ಹೊದಿಕೆಯ ನೂಲು ಕೀಳುತ್ತಾ ನನ್ನನ್ನೇ "ಯಾರಪ್ಪ ನೀನು" ಅಂದರು. ಸ್ಟ್ರೋಕ್ ಅಂದುಕೊಂಡು ಸ್ಕ್ಯಾನ್ ಮಾಡಿಸಿದ್ವಿ, ಏನೂ ಇಲ್ಲ. ದೊಡ್ಡ ಆಸ್ಪತ್ರೆಗೆ ಒಯ್ದಾಗ ಕಿಡ್ನಿ ಡಾಕ್ಟರು ಔಷಧದ ಪಟ್ಟಿ ನೋಡಿ ಮೊದಲು ಅದನ್ನೇ ನಿಲ್ಲಿಸಿದರು, ಅವತ್ತೇ ಡಯಾಲಿಸಿಸ್ ಮಾಡಿಸಿದರು. ಎರಡು ದಿನದಲ್ಲಿ ಅಪ್ಪ ಪೇಪರ್ ಓದ್ತಾ ಕೂತಿದ್ದರು.

ನರ್ಸ್: ಕಿಡ್ನಿ ಸರಿ ಇದ್ದವರಲ್ಲಿ ಸೆಫೆಪೈಮ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿಯುತ್ತೆ. ಡಯಾಲಿಸಿಸ್‌ನವರಲ್ಲಿ ಅದಕ್ಕೆ 13 ಗಂಟೆ ದಾಟುತ್ತೆ. ಹಾಗಾಗಿ ಮೊದಲ ದಿನ 1 ಗ್ರಾಂ, ಆಮೇಲೆ ಮಾಮೂಲಿ ಸೋಂಕಿಗೆ ದಿನಕ್ಕೊಮ್ಮೆ 500 ಮಿಲಿಗ್ರಾಂ, ಡಯಾಲಿಸಿಸ್ ದಿನ ಅದು ಮುಗಿದ ಮೇಲೆ. ಕೈ ಜರ್ಕ್, ಮಂಕು, ಮಾತು ತಪ್ಪೋದು ಕಂಡರೆ ಔಷಧವನ್ನೂ ಅನುಮಾನಿಸಬೇಕು.

ಹಾಗಂತ ಎಲ್ಲವೂ ಹೀಗಲ್ಲ. ಸೆಫ್ಟ್ರಿಯಾಕ್ಸೋನ್ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಪಿತ್ತದ ದಾರಿಯಲ್ಲೂ ಹೊರಗೆ ಹೋಗುತ್ತೆ. ಮೆಷಿನ್ ಅದನ್ನು ಹೆಚ್ಚು ತೆಗೆಯಲ್ಲ. ಅದನ್ನು ಮುಂಚೆ ಕೊಟ್ಟರೂ ನಷ್ಟವಿಲ್ಲ.

ಗಂಡನನ್ನು ಕರೆದುಕೊಂಡು ಹೋಗುವವರು: ಅಯ್ಯೋ, ನಾನು ಎಲ್ಲಕ್ಕೂ ಒಂದೇ ಲೆಕ್ಕ ಇಟ್ಟಿದ್ದೆ. ಇವರಿಗೆ ಪೈಪ್ ಸೋಂಕಾದಾಗ ವ್ಯಾಂಕೋಮೈಸಿನ್ ಹಾಕ್ತಿದ್ದರು. ಪ್ರತಿ ಸಲ ರಕ್ತ ತೆಗೆದು ಡೋಸ್ ಬದಲಾಯಿಸ್ತಿದ್ದರು. ಅದ್ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ನರ್ಸ್: ಒಬ್ಬರದ್ದು ಹೇಳ್ತೀನಿ. 50 ಕೆ.ಜಿ. ತೂಕದ ಹೆಂಗಸು, ಕುತ್ತಿಗೆಯಲ್ಲಿ ಪೈಪ್, ದಿನಕ್ಕೆ ಅರ್ಧ ಲೀಟರಿನಷ್ಟು ಮೂತ್ರ ಇನ್ನೂ ಬರ್ತಿತ್ತು. ಮಂಗಳವಾರ ಡಯಾಲಿಸಿಸ್ ಮುಗಿದ ಮೇಲೆ ಮೊದಲ ಡೋಸ್ 1250 ಮಿಲಿಗ್ರಾಂ, ಅಂದರೆ ಕೆ.ಜಿ.ಗೆ 25. ನಿಧಾನಕ್ಕೆ, ಒಂದೂಕಾಲು ಗಂಟೆಗಿಂತ ಜಾಸ್ತಿ ಹೊತ್ತು. ಜೋರಾಗಿ ಬಿಟ್ಟರೆ ಮುಖ ಕೆಂಪಾಗಿ ತುರಿಕೆ ಬರುತ್ತೆ. ಶುಕ್ರವಾರ ಮೆಷಿನ್ ಹಾಕೋಕೆ ಮುಂಚೆ ರಕ್ತ ತೆಗೆದರೆ ಮಟ್ಟ 20. ನಮಗೆ ಬೇಕಾದ್ದು 15ರಿಂದ 20. ಸಾಕು ಅಂತ ಡಾಕ್ಟರು 500 ಬರೆದರು. ಆದರೆ ಶುಕ್ರವಾರದಿಂದ ಮಂಗಳವಾರಕ್ಕೆ 4 ದಿನ. ಮಂಗಳವಾರ ನೋಡಿದರೆ 12ಕ್ಕೆ ಬಿದ್ದಿತ್ತು. ಆಮೇಲೆ ಎರಡೂ ದಿನ 750 ಮಾಡಿದ ಮೇಲೆ 15–17ರಲ್ಲಿ ನಿಂತಿತು.

ಈಗಿನ ಫಿಲ್ಟರುಗಳು ಒಂದು ಸರದಿಗೆ ವ್ಯಾಂಕೋಮೈಸಿನ್‌ನ ಸುಮಾರು ಮೂರನೇ ಒಂದು ಭಾಗ ತೆಗೆಯುತ್ತವೆ. ಜೊತೆಗೆ ಅವರ ಮೂತ್ರದಲ್ಲೂ ಸ್ವಲ್ಪ ಹೋಗ್ತಿತ್ತು. ಆದ್ದರಿಂದ ಒಬ್ಬರ ಡೋಸ್ ಇನ್ನೊಬ್ಬರಿಗೆ ಹೊಂದಲ್ಲ. ರಕ್ತವನ್ನು ಮೆಷಿನ್ ಹಾಕೋಕೆ ಮುಂಚೆಯೇ ತೆಗೆಯಬೇಕು. ಮುಗಿದ ತಕ್ಷಣ ತೆಗೆದರೆ ಸುಳ್ಳು ಕಡಿಮೆ ತೋರಿಸುತ್ತೆ, ಯಾಕಂದರೆ ಮೈಯೊಳಗಿನ ಔಷಧ ರಕ್ತಕ್ಕೆ ವಾಪಸ್ ಬರೋಕೆ ಕೆಲವು ಗಂಟೆ ಬೇಕು.

ಶಿವಮೊಗ್ಗದಿಂದ, ಮಗ: ಸೆಫಜೋಲಿನ್‌ಗೂ ಇದೇ ತೊಂದರೆ ಅಲ್ವಾ? ನಮ್ಮ ಘಟಕದಲ್ಲಿ ಡಯಾಲಿಸಿಸ್ ಆದ ಮೇಲೆ 2 ಗ್ರಾಂ, ಮೂರು ದಿನ ಗ್ಯಾಪ್ ಇದ್ದರೆ 3 ಗ್ರಾಂ ಹಾಕ್ತಾರೆ.

ನರ್ಸ್: ಆ ಲೆಕ್ಕ ವಾರಕ್ಕೆ ಮೂರು ಸಲ ಮಾಡಿಸುವವರದು. ನಮ್ಮಲ್ಲಿ ಬಸ್ ಚಾರ್ಜು, ಕೂಲಿ ಅಂತ ಎಷ್ಟೋ ಜನ ಎರಡೇ ಸಲ ಬರ್ತಾರೆ. ನಾಲ್ಕು ದಿನದ ಗ್ಯಾಪಿಗೆ ನಮ್ಮ ಒಬ್ಬ ಡಾಕ್ಟರು ಮಧ್ಯೆ ಒಂದು ಡೋಸಿಗೆ ಬರಲು ಹೇಳ್ತಾರೆ. ಇನ್ನೊಬ್ಬರು 3 ಗ್ರಾಂ ಸಾಕು ಅಂತಾರೆ. ಮೂತ್ರ ಎಷ್ಟು ಬರುತ್ತೆ ಅನ್ನೋದರ ಮೇಲೂ ಹೋಗುತ್ತೆ. ನಿಮ್ಮ ಘಟಕದಲ್ಲಿ ಆ ನಾಲ್ಕು ದಿನಕ್ಕೆ ಏನು ಮಾಡ್ತಾರೆ?

ಕೇಳಿದವರು: ಫೋನ್ ಮಾಡಿದೆ. ದಿನಕ್ಕೆ ಒಂದು, ಸಂಜೆ 6ಕ್ಕೆ ಅಂದರು. ಫಿಸ್ಟುಲಾ ಇದೆ, ಜ್ವರ ಇಲ್ಲ. ಆದರೂ ಸಕ್ಕರೆ ಕಾಯಿಲೆ ಇರೋದರಿಂದ ಬೆರಳಿನ ಎಕ್ಸ್‌ರೇ ಮಾಡಿಸಿ, ಮೂಳೆಗೆ ಇಳಿದಿದ್ದರೆ 7 ದಿನ ಸಾಲಲ್ಲ ಅಂದರು. ನಾಳೆ ಕರ್ಕೊಂಡು ಹೋಗ್ತಿದ್ದೀನಿ.