ಆಂಕಿಯಲ್ಲಿ ಅನಾಟಮಿ: ಆಕ್ಸಿಲರಿ ನರ್ವ್ ಯಾಕೆ ಪದೇ ಪದೇ ಮರೆಯುತ್ತದೆ?

ಪ್ರಶ್ನೆ (ಮೆಡಿಕಲ್ ಮೊದಲ ವರ್ಷ): ಅಪ್ಪರ್ ಲಿಂಬ್‌ಗೆ ಆಂಕಿ ಫ್ಲ್ಯಾಶ್‌ಕಾರ್ಡ್ ಆ್ಯಪ್‌ನಲ್ಲಿ ಕಾರ್ಡ್ ಮಾಡಿದ್ದೆ. ಈಗ ಲೋಯರ್ ಲಿಂಬ್ ನಡೀತಿದೆ. ದಿನಾ 400 ರಿವ್ಯೂ ಬರುತ್ತಿದೆ, ಆದರೂ ಹಳೇದು ನೆನಪಿಲ್ಲ. 'ಆಕ್ಸಿಲರಿ ನರ್ವ್: ರೂಟ್, ಕೋರ್ಸ್, ರಿಲೇಶನ್ಸ್, ಬ್ರಾಂಚಸ್, ಅಪ್ಲೈಡ್' ಅನ್ನೋ ಕಾರ್ಡ್‌ಗೆ leech ಅಂತ ಬಂದು ಕಾರ್ಡೇ ಕಾಣುತ್ತಿಲ್ಲ. ಏನು ಮಾಡಲಿ?

ಅನಾಟಮಿ ಬೋಧಕಿ: ಕಾರ್ಡ್ ಎಲ್ಲೂ ಹೋಗಿಲ್ಲ. ರಿವ್ಯೂನಲ್ಲಿ 8 ಸಲ ತಪ್ಪಿದ ಕಾರ್ಡಿಗೆ ಆಂಕಿ ತಾನಾಗಿಯೇ leech ಅಂತ ಗುರುತು ಹಾಕಿ ತಡೆಹಿಡಿಯುತ್ತದೆ. ಬ್ರೌಸರ್‌ನಲ್ಲಿ `tag:leech` ಅಂತ ಹುಡುಕಿ, ಸಿಗುತ್ತದೆ. ಆದರೆ ಹಾಗೇ ವಾಪಸ್ ಬಿಡಬೇಡಿ. ನೀವು ಬರೆದಿರುವುದು ಪರೀಕ್ಷೆಯ ದೊಡ್ಡ ಪ್ರಶ್ನೆ. ಐದರಲ್ಲಿ ನಾಲ್ಕು ಹೇಳಿ ಒಂದು ಮರೆತರೆ ಯಾವ ಬಟನ್ ಒತ್ತುತ್ತೀರಿ? Again ಒತ್ತಿದರೆ ಗೊತ್ತಿರುವ ನಾಲ್ಕೂ ಮತ್ತೆ ಬರುತ್ತವೆ. Good ಒತ್ತಿದರೆ ಮರೆತದ್ದು ವಾರಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ.

ಅದನ್ನು ಹೀಗೆ ಒಡೆಯಿರಿ. ಒಂದು ಕಾರ್ಡ್ ಹುಟ್ಟಿಗೆ: ಬ್ರೇಕಿಯಲ್ ಪ್ಲೆಕ್ಸಸ್‌ನ ಪೋಸ್ಟೀರಿಯರ್ cord, C5, C6. ಇನ್ನೊಂದು ಸ್ನಾಯುಗಳಿಗೆ: ಡೆಲ್ಟಾಯ್ಡ್, ಟೀರಿಸ್ ಮೈನರ್. ಈ ನರ್ವ್ ಹಾಯುವ ಕ್ವಾಡ್ರಾಂಗ್ಯುಲರ್ ಸ್ಪೇಸ್‌ಗೆ ಮಾತ್ರ ಪದಗಳ ಕಾರ್ಡ್ ಬೇಡ. ಹಿಂದಿನಿಂದ ನೋಡಿದ ಚಿತ್ರ ಹಾಕಿ, Image Occlusion ಬಳಸಿ ನಾಲ್ಕು ಗಡಿಗಳನ್ನು ಮುಚ್ಚಿ. ಮೇಲೆ ಟೀರಿಸ್ ಮೈನರ್, ಕೆಳಗೆ ಟೀರಿಸ್ ಮೇಜರ್, ಒಳಗಡೆ ಟ್ರೈಸೆಪ್ಸ್‌ನ ಲಾಂಗ್ ಹೆಡ್, ಹೊರಗಡೆ ಹ್ಯೂಮರಸ್‌ನ ಸರ್ಜಿಕಲ್ ನೆಕ್. ಒಂದು ಸಲಕ್ಕೆ ಒಂದೇ ಗಡಿ ಕೇಳಬೇಕು.

ಕೊನೆಯದು ಉಲ್ಟಾ ಕಾರ್ಡ್: 'ಸರ್ಜಿಕಲ್ ನೆಕ್ ಮುರಿದಿದೆ, ಡೆಲ್ಟಾಯ್ಡ್ ಕೆಳಭಾಗದ ಚರ್ಮಕ್ಕೆ ಸ್ಪರ್ಶ ತಿಳಿಯುತ್ತಿಲ್ಲ. ಯಾವ ನರ್ವ್?' ನರ್ವ್ ಆ ಮೂಳೆಯನ್ನು ಸುತ್ತಿಕೊಂಡೇ ಹೋಗುತ್ತದೆ ಅನ್ನುವ ಕಾರಣವನ್ನೂ ಉತ್ತರದ ಕೆಳಗೆ ಒಂದು ಸಾಲು ಬರೆದಿಡಿ.

ಎರಡನೇ ವರ್ಷದವನು: ಅಷ್ಟೆಲ್ಲ ಒಡೆಯೋದ್ಯಾಕೆ? ಅರ್ಧ ನೆನಪಾದರೆ Hard ಒತ್ತಿ ಸಾಕು. ನಾನು ಮರೆತಾಗೆಲ್ಲ ಅದನ್ನೇ ಒತ್ತುತ್ತೇನೆ, ಕಾರ್ಡ್ ಬೇಗ ವಾಪಸ್ ಬರುತ್ತೆ.

ಅನಾಟಮಿ ಬೋಧಕಿ: Good ಒತ್ತಿದ್ದಕ್ಕಿಂತ ಬೇಗ ಬರುತ್ತದೆ, ಅದು ನಿಜ. ಆದರೆ ಆಂಕಿ ಲೆಕ್ಕದಲ್ಲಿ Hard ಅಂದರೆ 'ಕಷ್ಟಪಟ್ಟೆ, ಆದರೆ ನೆನಪಾಯ್ತು' ಅಂತ. ಮರೆತದ್ದಕ್ಕೂ ಅದನ್ನೇ ಒತ್ತುತ್ತಿದ್ದರೆ, ಕಾರ್ಡ್ ಮತ್ತೆ ಯಾವಾಗ ಬರಬೇಕು ಅಂತ ಲೆಕ್ಕ ಹಾಕುವ FSRS ನಿಮ್ಮ ನೆನಪನ್ನು ಇರುವುದಕ್ಕಿಂತ ಗಟ್ಟಿ ಅಂದುಕೊಂಡು ಎಲ್ಲ ಕಾರ್ಡ್‌ಗಳ ಅಂತರವನ್ನೂ ಹಿಗ್ಗಿಸುತ್ತದೆ. ಮರೆತರೆ Again, ಬೇರೆ ದಾರಿ ಇಲ್ಲ.

ಫಿಸಿಯೋಥೆರಪಿ ವಿದ್ಯಾರ್ಥಿನಿ: ನಾನು ಸೀನಿಯರ್ ಒಬ್ಬರ ರೆಡಿಮೇಡ್ ಡೆಕ್ ಬಳಸುತ್ತಿದ್ದೇನೆ. ಅದರಲ್ಲಿ ಎಲ್ಲ ಒಡೆದೇ ಇದೆ, ಆದರೂ ಕ್ವಾಡ್ರಾಂಗ್ಯುಲರ್ ಸ್ಪೇಸ್ ಕೇಳಿದರೆ ರೇಡಿಯಲ್ ನರ್ವ್ ಅಂತ ಬಾಯಿಗೆ ಬರುತ್ತೆ. ಒಡೆದರೆ ಸಾಕಾಗಲ್ಲ ಅಲ್ವಾ ಮೇಡಂ?

ಅನಾಟಮಿ ಬೋಧಕಿ: ಸಾಕಾಗಲ್ಲ, ಸರಿಯಾಗಿ ಹಿಡಿದಿರಿ. ಇದು ಮರೆವಲ್ಲ, ಕಲಸುಮೇಲೋಗರ. ಅಲ್ಲಿ ಒಂದರ ಪಕ್ಕ ಒಂದು ಮೂರು ಜಾಗಗಳಿವೆ. ಕ್ವಾಡ್ರಾಂಗ್ಯುಲರ್‌ನಲ್ಲಿ ಆಕ್ಸಿಲರಿ ನರ್ವ್ ಮತ್ತು ಪೋಸ್ಟೀರಿಯರ್ ಸರ್ಕಮ್‌ಫ್ಲೆಕ್ಸ್ ಹ್ಯೂಮರಲ್ ಆರ್ಟರಿ. ಅದರ ಒಳಬದಿಯ ಟ್ರಯಾಂಗ್ಯುಲರ್ ಸ್ಪೇಸ್‌ನಲ್ಲಿ ಸರ್ಕಮ್‌ಫ್ಲೆಕ್ಸ್ ಸ್ಕ್ಯಾಪ್ಯುಲರ್ ಆರ್ಟರಿ. ಟೀರಿಸ್ ಮೇಜರ್ ಕೆಳಗಿನ ತ್ರಿಕೋನದಲ್ಲಿ ರೇಡಿಯಲ್ ನರ್ವ್, ಜೊತೆಗೆ ಪ್ರೊಫಂಡಾ ಬ್ರೇಕಿ. ಮೂರನ್ನೂ ಒಂದೇ ಚಿತ್ರದಲ್ಲಿಟ್ಟು, 'ಟೀರಿಸ್ ಮೇಜರ್‌ಗಿಂತ ಕೆಳಗೆ ಹಾಯುವ ನರ್ವ್ ಯಾವುದು, ಮೇಲೆ ಹಾಯುವುದು ಯಾವುದು?' ಅಂತ ವ್ಯತ್ಯಾಸವನ್ನೇ ಕೇಳುವ ಕಾರ್ಡ್ ಮಾಡಿ. ಒಂದು ಕಾರ್ಡ್ ತಪ್ಪಿದಾಗೆಲ್ಲ ಅದೇ ತಪ್ಪು ಉತ್ತರ ಬರುತ್ತಿದ್ದರೆ ಇದೇ ಕಾಯಿಲೆ. ಸುಮ್ನೆ ರಿಪೀಟ್ ಮಾಡಿದರೆ ಹೋಗಲ್ಲ.

ಪ್ರಶ್ನೆ ಕೇಳಿದವನು: ಒಡೆದರೆ ಒಂದು ಕಾರ್ಡ್ ಎಂಟಾಗುತ್ತೆ. 400 ಇರೋದು ಇನ್ನೂ ಜಾಸ್ತಿ ಆಗಲ್ವಾ?

ಅನಾಟಮಿ ಬೋಧಕಿ: ಸಂಖ್ಯೆ ಜಾಸ್ತಿ, ಸಮಯ ಅಷ್ಟು ಜಾಸ್ತಿ ಅಲ್ಲ. ಸಣ್ಣ ಕಾರ್ಡ್‌ಗೆ ಕೆಲವೇ ಸೆಕೆಂಡು ಸಾಕು. ಗೊತ್ತಿರುವ ತುಂಡುಗಳು ಬೇಗ ತಿಂಗಳ ಆಚೆಗೆ ಹೋಗುತ್ತವೆ. ನಿಮ್ಮ ಹೊರೆಗೆ ಹೊಸ ಕಾರ್ಡ್‌ಗಳೇ ಕಾರಣ ಇರಬೇಕು. ದಿನಕ್ಕೆ 20 ಹೊಸದು ಹಾಕಿದರೆ ಸುಮಾರು 200 ರಿವ್ಯೂ ಬರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಬಾಕಿ ಕರಗುವ ತನಕ ಹೊಸದನ್ನು ಸೊನ್ನೆಗೆ ಇಳಿಸಿ. ಆಮೇಲೂ ಆ ದಿನ ಡಿಸೆಕ್ಷನ್‌ನಲ್ಲಿ ನೋಡಿದ್ದಕ್ಕೆ ಮಾತ್ರ ಕಾರ್ಡ್ ಮಾಡಿ. ನೋಡದೆ ಮಾಡಿದ ಕಾರ್ಡೇ ಹೆಚ್ಚಾಗಿ leech ಆಗುವುದು.

ಇಂಟರ್ನ್: ರಿವ್ಯೂನಲ್ಲಿ ಎಷ್ಟು ಪಾಲು ನೆನಪಿರಬೇಕು ಅನ್ನುವ Desired retention ಕೂಡ 0.90ರಿಂದ 0.85ಕ್ಕೆ ಇಳಿಸಿ. ನನಗೆ ರಿವ್ಯೂ ಚೆನ್ನಾಗಿಯೇ ಕಡಿಮೆ ಆಯ್ತು.

ಅನಾಟಮಿ ಬೋಧಕಿ: ಕಡಿಮೆ ಆಗುತ್ತದೆ. ಆದರೆ ಅದರಲ್ಲಿ ಮರೆತು ತಪ್ಪುವ ಕಾರ್ಡ್‌ಗಳ ಪಾಲು ಹೆಚ್ಚುತ್ತದೆ. ವೈವಾ ಹತ್ತಿರ ಇರುವವರಿಗೆ ನಾನಂತೂ ಹೇಳಲ್ಲ.

ಇಂಟರ್ನ್: ನಾನು ಒಪ್ಪಲ್ಲ ಮೇಡಂ. 0.90 ಇಟ್ಟು ಅರ್ಧ ರಿವ್ಯೂ ಬಾಕಿ ಬಿಡೋದಕ್ಕಿಂತ 0.85 ಇಟ್ಟು ದಿನಾ ಮುಗಿಸೋದೇ ವಾಸಿ.

ಪ್ರಶ್ನೆ ಕೇಳಿದವನು: ಸದ್ಯಕ್ಕೆ ಹೊಸ ಕಾರ್ಡ್ ನಿಲ್ಲಿಸಿ, leech ಒಡೆಯೋದರಿಂದ ಶುರು ಮಾಡ್ತೀನಿ. 0.90 ಹಾಗೇ ಇರಲಿ, ಬಾಕಿ ಕರಗದಿದ್ದರೆ ಇಳಿಸುತ್ತೇನೆ.